ಅಂಗಡಿ ಯಾರ ಹೆಸರಲ್ಲಿ? ಪ್ರೊಪ್ರೈಟರ್‌ಶಿಪ್, ಪಾರ್ಟ್ನರ್‌ಶಿಪ್, ಪ್ರೈವೇಟ್ ಲಿಮಿಟೆಡ್ ನಡುವೆ ಆಯ್ಕೆ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿತಲ್ಲ, ಆಮೇಲೆ ಜಿಎಸ್‌ಟಿ ನಂಬರ್ ಇಲ್ಲದೆ ವ್ಯಾಪಾರ ಮಾಡುತ್ತಿದ್ದ ಬಹಳ ಮಂದಿ ಆಡಿಟರ್ ಹತ್ತಿರ ಓಡಿದರು. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಬೇರೆ ರಾಜ್ಯಕ್ಕೆ ಮಾಲು ಕಳಿಸುವುದಾದರೆ ಅದಕ್ಕಿಂತ ಮೊದಲೇ ಬೇಕಾಗುತ್ತದೆ. ಸರಿ, ಅರ್ಜಿ ಹಾಕೋಣ ಅಂತ ಪೋರ್ಟಲ್ ತೆರೆದರೆ Constitution of Business ಅಂತ ಒಂದು ಖಾನೆ ಎದುರಾಗುತ್ತದೆ. ಅದರಲ್ಲಿ Proprietorship, Partnership, Private Limited Company ಅಂತ ಒಂದು ಸಾಲು ಆಯ್ಕೆಗಳು.

ಬಹಳ ಜನ ಅಲ್ಲಿ ಆಡಿಟರ್ ಹೇಳಿದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ಆದರೆ ಸಾಲ ಯಾರ ತಲೆ ಮೇಲೆ ಬರುತ್ತದೆ, ತೆರಿಗೆ ಎಷ್ಟು ಬೀಳುತ್ತದೆ, ಗಲ್ಲಾದಿಂದ ದುಡ್ಡು ಹೇಗೆ ತೆಗೆಯಬಹುದು ಅನ್ನೋದೆಲ್ಲ ಆ ಖಾನೆಯಲ್ಲಿ ಏನು ಬರೆಯುತ್ತೀರಿ ಅನ್ನೋದರ ಮೇಲೆ ನಿಂತಿದೆ.

## ಮೂರಕ್ಕೂ ಇರುವ ವ್ಯತ್ಯಾಸ

ಪ್ರೊಪ್ರೈಟರ್‌ಶಿಪ್ ಅಂದರೆ ಒಬ್ಬರೇ ಮಾಲೀಕರು. ಅಂಗಡಿ ಬೋರ್ಡಿನ ಕೆಳಗೆ "ಪ್ರೊ:" ಅಂತ ಬರೆದು ಹೆಸರು ಹಾಕಿರುತ್ತಾರಲ್ಲ, ಅದೇ. ಕಾನೂನಿನ ಕಣ್ಣಿಗೆ ಅಂಗಡಿ ಬೇರೆ, ನೀವು ಬೇರೆ ಅಂತ ಇಲ್ಲ. "ಶ್ರೀ ಲಕ್ಷ್ಮಿ ಟ್ರೇಡರ್ಸ್" ಅನ್ನೋದು ನೀವು ಇಟ್ಟುಕೊಂಡ ಇನ್ನೊಂದು ಹೆಸರು, ಅಷ್ಟೇ. ಇದನ್ನು ಹುಟ್ಟುಹಾಕೋಕೆ ಪ್ರತ್ಯೇಕ ನೋಂದಣಿ ಕಚೇರಿಯೂ ಇಲ್ಲ. ಜಿಎಸ್‌ಟಿ ನಂಬರ್, ಊರಿನ ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಉದ್ಯಮ್ ಸರ್ಟಿಫಿಕೇಟ್, ಇವುಗಳಲ್ಲಿ ಎರಡು ತೋರಿಸಿದರೆ ಸಾಮಾನ್ಯವಾಗಿ ಬ್ಯಾಂಕಿನವರು ಅಂಗಡಿ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯುತ್ತಾರೆ.

ಪಾರ್ಟ್ನರ್‌ಶಿಪ್ ಅಂದರೆ ಇಬ್ಬರು ಅಥವಾ ಹೆಚ್ಚು ಜನ ಸೇರಿ, ಲಾಭ ಹಂಚಿಕೊಳ್ಳೋಣ ಅಂತ ಒಪ್ಪಿ ಮಾಡುವ ವ್ಯಾಪಾರ. ಇದಕ್ಕೆ 1932ರ ಪಾಲುದಾರಿಕೆ ಕಾಯ್ದೆ ಇದೆ. ಆ ಒಪ್ಪಂದವನ್ನು ಛಾಪಾ ಕಾಗದದ ಮೇಲೆ ಬರೆದರೆ ಅದೇ ಡೀಡ್, ಅಂದರೆ ಪಾಲುಪತ್ರ. ಆದಾಯ ತೆರಿಗೆಗೆ ಫರ್ಮು ಬೇರೆ ಲೆಕ್ಕ, ಅದಕ್ಕೆ ಅದರದೇ ಪ್ಯಾನ್ ಇರುತ್ತದೆ. ಆದರೆ ಸಾಲದ ವಿಷಯಕ್ಕೆ ಬಂದಾಗ ಫರ್ಮಿನ ಹಿಂದೆ ಪಾಲುದಾರರೇ ನಿಂತಿರುತ್ತಾರೆ.

ಪ್ರೈವೇಟ್ ಲಿಮಿಟೆಡ್ ಕಂಪನಿ ಮಾತ್ರ ನಿಜವಾಗಿಯೂ ಬೇರೆಯೇ ಒಂದು ವ್ಯಕ್ತಿ. 2013ರ ಕಂಪನಿ ಕಾಯ್ದೆ ಪ್ರಕಾರ ಹುಟ್ಟುತ್ತದೆ. ಕನಿಷ್ಠ ಇಬ್ಬರು ಶೇರುದಾರರು, ಇಬ್ಬರು ಡೈರೆಕ್ಟರ್‌ಗಳು ಬೇಕು. ಅವರಿಬ್ಬರೇ ಎರಡೂ ಆಗಬಹುದು, ಗಂಡ ಹೆಂಡತಿ ಇಬ್ಬರೇ ಇದ್ದರೂ ನಡೆಯುತ್ತದೆ. ಕಂಪನಿ ತನ್ನ ಹೆಸರಲ್ಲೇ ಆಸ್ತಿ ಇಟ್ಟುಕೊಳ್ಳುತ್ತದೆ, ಸಾಲ ಮಾಡುತ್ತದೆ, ಕೋರ್ಟಿಗೂ ಹೋಗುತ್ತದೆ. ಡೈರೆಕ್ಟರ್ ತೀರಿಕೊಂಡರೂ ಅದು ಇರುತ್ತದೆ.

ನೀವು ಯಾರಿಂದ ಮಾಲು ಕೊಳ್ಳುತ್ತೀರೋ ಅವರದು ಇವುಗಳಲ್ಲಿ ಯಾವುದು ಅಂತ ಅವರ ಬಿಲ್ಲಿನಲ್ಲೇ ಗೊತ್ತಾಗುತ್ತದೆ. ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದಾದ ಮೇಲೆ ಹತ್ತು ಅಕ್ಷರ ಪ್ಯಾನ್ ಬರುತ್ತದೆ. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರ್‌ನ ಆರನೇ ಅಕ್ಷರ ನೋಡಿ. P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಫರ್ಮು, C ಇದ್ದರೆ ಕಂಪನಿ. ಬೋರ್ಡ್ ಮೇಲೆ "ಎಂಟರ್‌ಪ್ರೈಸಸ್", "ಇಂಡಸ್ಟ್ರೀಸ್", "ಅಂಡ್ ಕಂಪನಿ" ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ಆ ಒಂದು ಅಕ್ಷರ ಸುಳ್ಳು ಹೇಳಲ್ಲ.

## ಒಂದು ಅಂಗಡಿ ಇಟ್ಟುಕೊಂಡು ಲೆಕ್ಕ ಹಾಕೋಣ

ತುಮಕೂರಿನಲ್ಲಿ ಪೈಪು, ಫಿಟಿಂಗ್ಸು, ವೈರು, ಸ್ವಿಚ್ಚು ಹೋಲ್‌ಸೇಲ್ ಮಾರುವ ಒಂದು ಅಂಗಡಿ ಇದೆ ಅಂದುಕೊಳ್ಳಿ. ಮಾಲೀಕರ ಜೊತೆ ಅವರ ಭಾವಮೈದ ಸೇರಿಕೊಂಡಿದ್ದಾನೆ. ಬಾಡಿಗೆ, ಹುಡುಗರ ಸಂಬಳ, ಸಾಗಣೆ, ಬಡ್ಡಿ ಎಲ್ಲ ಕಳೆದು, ಇವರಿಬ್ಬರು ತಮಗೆ ಅಂತ ಏನೂ ತೆಗೆದುಕೊಳ್ಳುವ ಮೊದಲು, ವರ್ಷಕ್ಕೆ 15 ಲಕ್ಷ ಉಳಿಯುತ್ತದೆ. ವಹಿವಾಟು 1.8 ಕೋಟಿ. ಕಂಪನಿಗಳಿಂದ ಮಾಲು ಸಾಲಕ್ಕೆ ಬರುತ್ತದೆ, ಬಿಲ್ಡರ್‌ಗಳಿಗೆ, ಊರಿನ ಚಿಕ್ಕ ಅಂಗಡಿಗಳಿಗೆ ಸಾಲಕ್ಕೇ ಹೋಗುತ್ತದೆ. ಬ್ಯಾಂಕಿನಲ್ಲಿ 25 ಲಕ್ಷದ ಸಿಸಿ ಲೋನ್ ಇದೆ. ಮಾಲೀಕರಿಗೆ ಊರಲ್ಲಿ ಸ್ವಂತ ಮನೆ ಇದೆ, ಭಾವಮೈದನಿಗೆ ಆಸ್ತಿ ಅಂತ ಹೇಳಿಕೊಳ್ಳುವಂಥದ್ದು ಇಲ್ಲ.

ಸಾಮಾನ್ಯವಾಗಿ ಜನ ಕೇಳುವ ಮೊದಲ ಪ್ರಶ್ನೆ "ಯಾವುದರಲ್ಲಿ ಟ್ಯಾಕ್ಸ್ ಕಡಿಮೆ?" ಅಂತ. ಅದಕ್ಕೆ ಆಮೇಲೆ ಬರೋಣ. ಮೊದಲು ಇನ್ನೊಂದು ಪ್ರಶ್ನೆ ಇದೆ.

## ವ್ಯಾಪಾರ ಕೆಟ್ಟರೆ ಹೋಗುವುದು ಯಾರ ಮನೆ?

ಒಬ್ಬ ದೊಡ್ಡ ಬಿಲ್ಡರ್ 30 ಲಕ್ಷ ಬಾಕಿ ಉಳಿಸಿಕೊಂಡು ಕೈ ಎತ್ತಿಬಿಟ್ಟ ಅಂತ ಇಟ್ಟುಕೊಳ್ಳಿ. ಅಂಗಡಿಯವರು ಮಾಲು ಕೊಟ್ಟ ಕಂಪನಿಗಳಿಗೆ 35 ಲಕ್ಷ ಕೊಡಬೇಕು, ಬ್ಯಾಂಕಿಗೆ 25 ಲಕ್ಷ ಕಟ್ಟಬೇಕು. ಒಟ್ಟು 60 ಲಕ್ಷ. ಗೋಡೌನ್‌ನಲ್ಲಿ ಅಷ್ಟು ಮಾಲಿಲ್ಲ.

ಪ್ರೊಪ್ರೈಟರ್‌ಶಿಪ್ ಆಗಿದ್ದರೆ ವಿಷಯ ನೇರ. ಅಂಗಡಿ ಸಾಲ ಅಂದರೆ ನಿಮ್ಮ ಸಾಲ. ಮಾಲು ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ ತಂದರೆ ನಿಮ್ಮ ಮನೆ, ಸೈಟು, ಉಳಿತಾಯ ಖಾತೆ ಜಪ್ತಿಯಾಗಬಹುದು.

ಪಾರ್ಟ್ನರ್‌ಶಿಪ್‌ನಲ್ಲಿ ಪರಿಸ್ಥಿತಿ ಇನ್ನೂ ಒಂದು ಹೆಜ್ಜೆ ಮುಂದೆ. ಬಹಳ ಜನಕ್ಕೆ ಇದು ಗೊತ್ತಿರಲ್ಲ. ಇಬ್ಬರಿಗೂ ಅರ್ಧ ಅರ್ಧ ಪಾಲು ಇದ್ದರೆ ಸಾಲವೂ ಅರ್ಧ ಅರ್ಧ ಅಂತ ನಂಬಿರುತ್ತಾರೆ. ಹೊರಗಿನವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಫರ್ಮಿನ ಪೂರ್ತಿ ಸಾಲವನ್ನು ಯಾವ ಪಾಲುದಾರನಿಂದ ಬೇಕಾದರೂ ವಸೂಲಿ ಮಾಡಬಹುದು. ಅವರು ಯಾರ ಹತ್ತಿರ ಬರುತ್ತಾರೆ? ಮನೆ ಇರುವವರ ಹತ್ತಿರ. ಜೊತೆಗೆ ಪ್ರತಿಯೊಬ್ಬ ಪಾಲುದಾರನೂ ಫರ್ಮಿನ ಏಜೆಂಟ್ ಇದ್ದ ಹಾಗೆ. ಭಾವಮೈದ ನಿಮ್ಮನ್ನು ಕೇಳದೆ ಫರ್ಮಿನ ಹೆಸರಲ್ಲಿ 12 ಲಕ್ಷದ ವೈರ್ ಆರ್ಡರ್ ಕೊಟ್ಟರೂ, ಅದು ಅಂಗಡಿಯ ಮಾಮೂಲಿ ವ್ಯಾಪಾರವೇ ಆಗಿರುವುದರಿಂದ, ಆ ಸಾಲಕ್ಕೆ ನೀವೂ ಹೊಣೆ. ಆಮೇಲೆ ಅವನ ಪಾಲಿನದ್ದನ್ನು ಅವನಿಂದ ಕೇಳಬಹುದು. ಅವನ ಹತ್ತಿರ ಇದ್ದರೆ ತಾನೆ.

ಕಂಪನಿ ಆಗಿದ್ದರೆ? ಲಿಮಿಟೆಡ್ ಅನ್ನೋ ಮಾತಿನ ಅರ್ಥವೇ ಹೊಣೆಗೆ ಮಿತಿ ಇದೆ ಅಂತ. ಶೇರಿಗೆ ಕೊಡಬೇಕಾದ ದುಡ್ಡು ಪೂರ್ತಿ ಕೊಟ್ಟಿದ್ದರೆ, ಕಂಪನಿಯ ಸಾಲಕ್ಕೆ ಶೇರುದಾರರ ಮನೆ ಮುಟ್ಟುವ ಹಾಗಿಲ್ಲ. ಹಾಗಾಗಿ 60 ಲಕ್ಷಕ್ಕೂ ಗೋಡೌನಿನ ಮಾಲು, ಬರಬೇಕಾದ ಬಾಕಿ, ಕಂಪನಿ ಖಾತೆಯಲ್ಲಿರುವ ದುಡ್ಡು ಇಷ್ಟೇ ಆಧಾರ. ಕಾಗದದ ಮೇಲೆ ಹೀಗಿದೆ.

ನಿಜದಲ್ಲಿ ಏನಾಗುತ್ತದೆ ನೋಡಿ. ಒಂದು ಲಕ್ಷ ಬಂಡವಾಳದ ಹೊಸ ಕಂಪನಿಗೆ ಬ್ಯಾಂಕಿನವರು ಸುಮ್ನೆ 25 ಲಕ್ಷ ಕೊಡುವುದಿಲ್ಲ. ಡೈರೆಕ್ಟರ್‌ಗಳ ಪರ್ಸನಲ್ ಗ್ಯಾರಂಟಿ ಕೇಳುತ್ತಾರೆ, ಎಷ್ಟೋ ಸಲ ಮನೆಯ ಪತ್ರವನ್ನೂ ಅಡ ಇಡಿಸಿಕೊಳ್ಳುತ್ತಾರೆ. ಗ್ಯಾರಂಟಿಗೆ ಸಹಿ ಹಾಕಿದ ಕ್ಷಣ ಆ ಸಾಲದ ಮಟ್ಟಿಗೆ ನೀವು ಮತ್ತೆ ಪ್ರೊಪ್ರೈಟರ್ ಆದ ಹಾಗೆಯೇ. ಮುಂಬಾಗಿಲಿಗೆ ದೊಡ್ಡ ಬೀಗ ಜಡಿದು ಹಿತ್ತಲ ಬಾಗಿಲಿನ ಕೀಲಿ ಬ್ಯಾಂಕಿನ ಕೈಗೆ ಕೊಟ್ಟಂತೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಗ್ಯಾರಂಟಿ ಕೊಟ್ಟವರ ಹೊಣೆ ತಾನಾಗಿ ಹೋಗುವುದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಚೆಕ್ ವಿಷಯವೂ ಹಾಗೆಯೇ. ಮಾಲು ಕೊಟ್ಟವರಿಗೆ ಕಂಪನಿ ಚೆಕ್ ಕೊಟ್ಟು ಅದು ಬೌನ್ಸ್ ಆದರೆ, ಕ್ರಿಮಿನಲ್ ಕೇಸು ಕಂಪನಿಯ ಮೇಲೆ ಮಾತ್ರ ಅಲ್ಲ, ಸಹಿ ಹಾಕಿದವರ ಮೇಲೆ, ವ್ಯವಹಾರ ನೋಡಿಕೊಳ್ಳುವ ಡೈರೆಕ್ಟರ್ ಮೇಲೂ ಬರುತ್ತದೆ. ಜಿಎಸ್‌ಟಿ ಬಾಕಿಯನ್ನು ಕಂಪನಿಯಿಂದ ವಸೂಲಿ ಮಾಡಲಾಗದಿದ್ದರೆ ಡೈರೆಕ್ಟರ್‌ಗಳಿಂದ ಕೇಳಬಹುದು. ತಮ್ಮ ನಿರ್ಲಕ್ಷ್ಯದಿಂದ ಹೀಗಾಗಿಲ್ಲ ಅಂತ ಅವರೇ ತೋರಿಸಬೇಕು.

ಅಂದರೆ ನಮ್ಮ ಉದಾಹರಣೆಯಲ್ಲಿ 25 ಲಕ್ಷದ ಬ್ಯಾಂಕ್ ಸಾಲಕ್ಕೆ ಕಂಪನಿ ಮಾಡಿದ್ದರಿಂದ ರಕ್ಷಣೆ ಸಿಗಲಿಲ್ಲ. ಮಾಲಿನ ಸಾಲ 35 ಲಕ್ಷಕ್ಕೆ ಸಿಕ್ಕಿತು, ಅದೂ ಚೆಕ್ ಮತ್ತು ಗ್ಯಾರಂಟಿ ಕೊಡದೆ ಇದ್ದರೆ. ಆ 35 ಲಕ್ಷ ಸಣ್ಣದಲ್ಲ. ನಿಮ್ಮ ಸಾಲದಲ್ಲಿ ಬ್ಯಾಂಕಿನ ಪಾಲು ಎಷ್ಟು, ಮಾಲಿನವರ ಪಾಲು ಎಷ್ಟು ಅಂತ ಒಂದು ಚೀಟಿ ಮೇಲೆ ಬರೆದು ನೋಡಿ. ಪೂರ್ತಿ ಬ್ಯಾಂಕಿನದೇ ಆಗಿದ್ದರೆ, ಮನೆ ಉಳಿಸೋಕೆ ಅಂತ ಕಂಪನಿ ಮಾಡುವುದರಲ್ಲಿ ಹೆಚ್ಚು ಅರ್ಥ ಇಲ್ಲ. ನಗದು ಕೊಟ್ಟು ಮಾಲು ತಂದು ನಗದಿಗೇ ಮಾರುವ ಅಂಗಡಿಗಂತೂ ಈ ರಕ್ಷಣೆಯ ಅಗತ್ಯವೇ ಕಡಿಮೆ.

## ಈಗ ತೆರಿಗೆ

15 ಲಕ್ಷಕ್ಕೆ ಮೂರೂ ಕಡೆ ಎಷ್ಟು ಬೀಳುತ್ತದೆ ನೋಡೋಣ. 2025-26ರ ಹೊಸ ಪದ್ಧತಿಯ ದರಗಳನ್ನೇ ಇಟ್ಟುಕೊಂಡಿದ್ದೇನೆ.

ಒಬ್ಬರೇ ಮಾಲೀಕರು, 15 ಲಕ್ಷವೂ ಅವರ ಆದಾಯ ಅಂದರೆ: ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5, ಅದರ ಮುಂದಿನ 4 ಲಕ್ಷಕ್ಕೆ ಶೇ. 10, ಉಳಿದ 3 ಲಕ್ಷಕ್ಕೆ ಶೇ. 15. ಸೆಸ್ ಸೇರಿ 1,09,200 ರೂಪಾಯಿ. ಆದರೆ ಭಾವಮೈದ ನಿಜವಾಗಿಯೂ ಅಂಗಡಿಯಲ್ಲಿ ದುಡಿಯುತ್ತಿದ್ದರೆ ಅವನಿಗೆ ಸಂಬಳ ಕೊಡಬಹುದು. ತಿಂಗಳಿಗೆ 30 ಸಾವಿರ ಅಂದರೂ ವರ್ಷಕ್ಕೆ 3.6 ಲಕ್ಷ ಖರ್ಚಾಯಿತು, ಮಾಲೀಕರ ಆದಾಯ 11.4 ಲಕ್ಷಕ್ಕೆ ಇಳಿಯಿತು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಸಂಬಳ ಖಾತೆಗೆ ಹೋಗಿರಬೇಕು, ಆ ಕೆಲಸಕ್ಕೆ ಅದು ನ್ಯಾಯವಾದ ಸಂಬಳ ಆಗಿರಬೇಕು, ಅಷ್ಟೇ.

ಪಾರ್ಟ್ನರ್‌ಶಿಪ್‌ಗೆ ಬನ್ನಿ. ಇಲ್ಲಿ ಸ್ಲ್ಯಾಬ್ ಇಲ್ಲ. ಫರ್ಮಿನ ಲಾಭದ ಮೊದಲ ರೂಪಾಯಿಯಿಂದಲೇ ಶೇ. 30, ಸೆಸ್ ಸೇರಿ ಶೇ. 31.2. ಆಮೇಲೆ ಪಾಲುದಾರರು ಲಾಭ ಹಂಚಿಕೊಂಡಾಗ ಮತ್ತೆ ತೆರಿಗೆ ಇಲ್ಲ. 15 ಲಕ್ಷಕ್ಕೆ ಲೆಕ್ಕ ಹಾಕಿದರೆ 4,68,000 ರೂಪಾಯಿ! ಪ್ರೊಪ್ರೈಟರ್‌ನ ನಾಲ್ಕು ಪಟ್ಟಿಗೂ ಜಾಸ್ತಿ.

ಹಾಗಾದರೆ ಇಷ್ಟೊಂದು ಜನ ಯಾಕೆ ಪಾರ್ಟ್ನರ್‌ಶಿಪ್ ಮಾಡುತ್ತಾರೆ? ದುಡಿಯುವ ಪಾಲುದಾರರಿಗೆ ಫರ್ಮು ಸಂಭಾವನೆ ಕೊಡಬಹುದು, ಅದನ್ನು ಖರ್ಚು ಅಂತ ಕಳೆಯಬಹುದು. ಮಿತಿ ಇದೆ: ಲಾಭದ ಮೊದಲ 6 ಲಕ್ಷದಲ್ಲಿ ಶೇ. 90, ಮಿಕ್ಕಿದ್ದರಲ್ಲಿ ಶೇ. 60. ನಮ್ಮ ಅಂಗಡಿಗೆ 5.4 ಲಕ್ಷ ಮತ್ತು 5.4 ಲಕ್ಷ, ಒಟ್ಟು 10.8 ಲಕ್ಷ ಕಳೆಯಬಹುದು. ಫರ್ಮಿನಲ್ಲಿ ಉಳಿಯುವುದು 4.2 ಲಕ್ಷ, ಅದಕ್ಕೆ ತೆರಿಗೆ 1,31,040. ಪಾಲುದಾರರಿಗೆ ತಲಾ 5.4 ಲಕ್ಷ ಬಂತು, ಬೇರೆ ಆದಾಯ ಇಲ್ಲದಿದ್ದರೆ ಅವರಿಗೆ ತೆರಿಗೆ ಇಲ್ಲ. ಹಾಕಿದ ಬಂಡವಾಳಕ್ಕೆ ಶೇ. 12ರವರೆಗೆ ಬಡ್ಡಿಯನ್ನೂ ಕೊಡಬಹುದು. ಇಬ್ಬರೂ ಸೇರಿ 20 ಲಕ್ಷ ಹಾಕಿದ್ದರೆ ತೆರಿಗೆ ಸುಮಾರು 1 ಲಕ್ಷಕ್ಕೆ ಇಳಿಯುತ್ತದೆ.

ಇದೆಲ್ಲ ಸಿಗಬೇಕಾದರೆ ಒಂದು ಷರತ್ತು. ಸಂಭಾವನೆ ಮತ್ತು ಬಡ್ಡಿ ಕೊಡುತ್ತೇವೆ ಅಂತ ಡೀಡ್‌ನಲ್ಲಿ ಬರೆದಿರಲೇಬೇಕು, ಎಷ್ಟು ಅಥವಾ ಹೇಗೆ ಲೆಕ್ಕ ಅನ್ನುವುದೂ ಇರಬೇಕು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಯಾವುದೋ ಹಳೇ ಮಾದರಿಗೆ ಹೆಸರು ತುಂಬಿ ಸಹಿ ಹಾಕಿದರೆ ಆ ಸಾಲು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಇಲ್ಲದಿದ್ದರೆ ಈ ಅಂಗಡಿಗೆ ವರ್ಷಕ್ಕೆ ಮೂರು ಲಕ್ಷಕ್ಕೂ ಮೇಲೆ ಹೆಚ್ಚು ತೆರಿಗೆ. 2025ರ ಏಪ್ರಿಲ್‌ನಿಂದ ಇನ್ನೊಂದು ಸೇರಿಕೊಂಡಿದೆ: ಒಬ್ಬ ಪಾಲುದಾರನಿಗೆ ವರ್ಷಕ್ಕೆ ಸಂಭಾವನೆ, ಬಡ್ಡಿ ಸೇರಿ 20 ಸಾವಿರ ದಾಟಿದರೆ ಫರ್ಮು ಶೇ. 10 ಟಿಡಿಎಸ್ ಹಿಡಿಯಬೇಕು. 10.8 ಲಕ್ಷಕ್ಕೆ 1.08 ಲಕ್ಷ. ತೆರಿಗೆ ಇಲ್ಲದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು, ಆದರೆ ಅಲ್ಲಿವರೆಗೆ ಆ ದುಡ್ಡು ಮಾಲಿಗೆ ಸಿಗುವುದಿಲ್ಲ.

ಕಂಪನಿಯಲ್ಲಿ ಡೈರೆಕ್ಟರ್‌ಗಳಿಗೆ ಸಂಬಳ ಕೊಡಬಹುದು, ಫರ್ಮಿಗೆ ಇರುವಂತಹ ಶೇಕಡಾವಾರು ಮಿತಿ ಇಲ್ಲ. ತಲಾ 6 ಲಕ್ಷ ಕೊಟ್ಟರೆ 3 ಲಕ್ಷ ಉಳಿಯುತ್ತದೆ. ಕಡಿಮೆ ದರದ ಆಯ್ಕೆ ತೆಗೆದುಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಶೇ. 25.168, ಅಂದರೆ ಸುಮಾರು 75,500 ರೂಪಾಯಿ. ಆಡಿಟ್ ಫೀಸು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಸಂಬಳ ಇನ್ನೂ ಏರಿಸಿದರೆ ಇದು ಸೊನ್ನೆಗೂ ಹತ್ತಿರ ಬರಬಹುದು, ನ್ಯಾಯವಾದ ಸಂಬಳ ಅನ್ನೋ ಮಾತು ಇಲ್ಲಿಗೂ ಅನ್ವಯ.

ಮೂರನ್ನೂ ಪಕ್ಕ ಪಕ್ಕ ಇಟ್ಟರೆ, ಈ ಗಾತ್ರದ ವ್ಯಾಪಾರದಲ್ಲಿ ತೆರಿಗೆ ಒಂದನ್ನೇ ನೋಡಿ ತೀರ್ಮಾನ ಮಾಡುವಷ್ಟು ವ್ಯತ್ಯಾಸ ಇಲ್ಲ. ಪ್ರೊಪ್ರೈಟರ್‌ಶಿಪ್‌ನಲ್ಲೇ ಸೊನ್ನೆ ಬಂತಲ್ಲ. ಲಾಭ 40-50 ಲಕ್ಷ ಆಗಿ, ಅದರಲ್ಲಿ ಬಹುಪಾಲು ಮನೆಗೆ ಒಯ್ಯದೆ ವ್ಯಾಪಾರದಲ್ಲೇ ತೊಡಗಿಸುವವರಿಗೆ ಕಂಪನಿಯ ಶೇ. 25 ನಿಜಕ್ಕೂ ಲಾಭ. ಯಾಕೆಂದರೆ ವ್ಯಕ್ತಿಗೆ 24 ಲಕ್ಷದ ಮೇಲೆ ಶೇ. 30, ಫರ್ಮಿಗೆ ಮೊದಲಿನಿಂದಲೂ ಶೇ. 30.

ಇನ್ನು ವಹಿವಾಟು 2 ಕೋಟಿ ಒಳಗಿದ್ದರೆ ಅಂದಾಜು ಲಾಭದ ಪದ್ಧತಿ ಇದೆ. ನಗದು ಶೇ. 5ಕ್ಕಿಂತ ಹೆಚ್ಚಿಲ್ಲದಿದ್ದರೆ 3 ಕೋಟಿವರೆಗೂ ನಡೆಯುತ್ತದೆ. ಬ್ಯಾಂಕ್, ಯುಪಿಐ ಮೂಲಕ ಬಂದಿದ್ದಕ್ಕೆ ಕನಿಷ್ಠ ಶೇ. 6, ನಗದಿಗೆ ಶೇ. 8 ಲಾಭ ತೋರಿಸಿದರೆ ವಿವರವಾದ ಪುಸ್ತಕ ಇಡುವ ತಲೆನೋವು ಇಲ್ಲ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು. ಇದು ಪ್ರೊಪ್ರೈಟರ್‌ಗೂ ಪಾರ್ಟ್ನರ್‌ಶಿಪ್ ಫರ್ಮಿಗೂ ಸಿಗುತ್ತದೆ. ಕಂಪನಿಗೆ ಸಿಗುವುದಿಲ್ಲ. ಫರ್ಮು ಈ ದಾರಿ ಹಿಡಿದರೆ ಆ ಶೇ. 6ರಿಂದ ಪಾಲುದಾರರ ಸಂಭಾವನೆ ಕಳೆಯುವ ಹಾಗಿಲ್ಲ, ಹಾಗಾಗಿ ಫರ್ಮಿಗೆ ಇದು ಅಷ್ಟು ಹಿತವಲ್ಲ.

## ಡೀಡ್‌ನಲ್ಲಿ ಬರೆಯದೆ ಬಿಟ್ಟದ್ದು

ಅಣ್ಣ ತಮ್ಮಂದಿರು, ಭಾವ ಭಾವಮೈದ ಸೇರಿ ವ್ಯಾಪಾರ ಮಾಡುವಾಗ "ನಮ್ಮನಮ್ಮಲ್ಲಿ ಎಂಥಾ ಬರವಣಿಗೆ" ಅನ್ನುವವರೇ ಜಾಸ್ತಿ. ಬರೆಯದಿದ್ದರೂ ಪಾಲುದಾರಿಕೆ ಇರುತ್ತದೆ, ಆದರೆ ನೀವು ಬಿಟ್ಟ ಜಾಗವನ್ನು 1932ರ ಕಾಯ್ದೆ ತುಂಬುತ್ತದೆ. ಒಬ್ಬರು 18 ಲಕ್ಷ ಹಾಕಿ ಇನ್ನೊಬ್ಬರು 2 ಲಕ್ಷ ಹಾಕಿದ್ದರೂ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ನಷ್ಟವೂ ಸಮ ಸಮ. ಹಗಲು ರಾತ್ರಿ ಅಂಗಡಿಯಲ್ಲಿ ಕೂರುವವರಿಗೆ ಸಂಬಳ ಕೇಳುವ ಹಕ್ಕಿಲ್ಲ. ಅವಧಿ ಗೊತ್ತುಮಾಡದಿದ್ದರೆ ಯಾವ ಪಾಲುದಾರ ಬೇಕಾದರೂ ಒಂದು ನೋಟಿಸ್ ಕೊಟ್ಟು ಫರ್ಮನ್ನೇ ವಿಸರ್ಜನೆ ಮಾಡಬಹುದು.

ಡೀಡ್ ಆದ ಮೇಲೆ ಅದನ್ನು ಫರ್ಮುಗಳ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಮಾಡಿಸುವುದು ಕಡ್ಡಾಯ ಅಲ್ಲ. ಪ್ಯಾನ್, ಜಿಎಸ್‌ಟಿ ಎಲ್ಲ ಅದಿಲ್ಲದೆಯೂ ಆಗುತ್ತದೆ, ಅದಕ್ಕೇ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ತೊಂದರೆ ಗೊತ್ತಾಗುವುದು ಬಿಲ್ಡರ್ ದುಡ್ಡು ಕೊಡದಿದ್ದಾಗ. ನೋಂದಣಿ ಆಗದ ಫರ್ಮು ವ್ಯವಹಾರದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹಾಕುವ ಹಾಗಿಲ್ಲ, ಕಾಯ್ದೆಯ 69ನೇ ಸೆಕ್ಷನ್ ತಡೆಯುತ್ತದೆ. ಆದರೆ ಹೊರಗಿನವರು ನಿಮ್ಮ ಮೇಲೆ ಧಾರಾಳವಾಗಿ ಹಾಕಬಹುದು. ಸಾಲಕ್ಕೆ ಮಾಲು ಕೊಡುವ ಹೋಲ್‌ಸೇಲ್ ಅಂಗಡಿ ನೋಂದಣಿ ಮಾಡಿಸದೆ ಇರುವುದು ನನ್ನ ಮಟ್ಟಿಗೆ ಅರ್ಥವಿಲ್ಲದ ಧೈರ್ಯ. ದಾವೆ ಹಾಕುವ ದಿನಕ್ಕೆ ಮೊದಲು ನೋಂದಣಿ ಆಗಿದ್ದರೆ ಸಾಕು, ಆದರೆ ಅಷ್ಟರಲ್ಲಿ ಪಾಲುದಾರರೇ ಜಗಳವಾಡಿಕೊಂಡು ಸಹಿ ಹಾಕದೆ ಕೂತರೆ?

ಪಾಲುದಾರ ಹೊರಗೆ ಹೋದಾಗಲೂ ಒಂದು ಕೆಲಸ ಇದೆ. "ನಾನು ಬಿಟ್ಟು ಮೂರು ವರ್ಷ ಆಯ್ತು" ಅಂದರೆ ಸಾಲದು. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರ್‌ಗೆ ತಿಳಿಸಿ, ಗೆಜೆಟ್‌ನಲ್ಲಿ ಮತ್ತು ಆ ಭಾಗದ ಒಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅದಾಗುವವರೆಗೆ, ಅವರನ್ನು ಪಾಲುದಾರರೆಂದು ತಿಳಿದೇ ಮಾಲು ಕೊಟ್ಟವರಿಗೆ ಅವರೂ ಹೊಣೆಯಾಗುತ್ತಾರೆ.

ಇಬ್ಬರೇ ಇರುವ ಫರ್ಮಿನಲ್ಲಿ ಒಬ್ಬರು ತೀರಿಕೊಂಡರೆ ಫರ್ಮು ಅಲ್ಲಿಗೇ ಮುಗಿಯಿತು. "ಫರ್ಮು ಮುಂದುವರಿಯತಕ್ಕದ್ದು" ಅಂತ ಡೀಡ್‌ನಲ್ಲಿ ಬರೆದಿದ್ದರೂ ಒಬ್ಬರೇ ಸೇರಿ ಪಾಲುದಾರಿಕೆ ಆಗುವುದಿಲ್ಲವಲ್ಲ. ಹೊಸ ಜಿಎಸ್‌ಟಿ ನಂಬರ್, ಹೊಸ ಬ್ಯಾಂಕ್ ಖಾತೆ, ಸಿಸಿ ಲೋನ್ ಮತ್ತೆ ಮೊದಲಿನಿಂದ. ಇದಕ್ಕೇ ಕೆಲವು ಮನೆಗಳಲ್ಲಿ ಮೊದಲಿಂದಲೇ ಮೂರನೆಯವರನ್ನು, ಹೆಂಡತಿಯನ್ನೋ ಮಗನನ್ನೋ, ಸಣ್ಣ ಪಾಲಿಗೆ ಸೇರಿಸಿಕೊಂಡಿರುತ್ತಾರೆ. ಆದರೆ ಆ ಸಣ್ಣ ಪಾಲಿಗೂ ಸಾಲದ ಪೂರ್ತಿ ಹೊಣೆ ಅಂಟಿಕೊಂಡಿರುತ್ತದೆ ಅನ್ನೋದನ್ನು ಅವರಿಗೆ ಹೇಳಿ ಸಹಿ ಹಾಕಿಸಿ.

## ಕಂಪನಿ ಮಾಡಿದ ಮೇಲೆ ಗಲ್ಲಾ ನಿಮ್ಮದಲ್ಲ

ಅಂಗಡಿ ಇಟ್ಟು ಅಭ್ಯಾಸ ಆದವರಿಗೆ ಕಂಪನಿಯಲ್ಲಿ ಒಗ್ಗಿಕೊಳ್ಳೋಕೆ ಕಷ್ಟ ಆಗುವುದು ಇದೇ. ಮಗಳ ಕಾಲೇಜು ಫೀಸಿಗೆ, ಊರಲ್ಲಿ ಬೋರ್‌ವೆಲ್ ಕೊರೆಸೋಕೆ ಪ್ರೊಪ್ರೈಟರ್ ಗಲ್ಲಾದಿಂದ ದುಡ್ಡು ತೆಗೆದರೆ ಯಾರೂ ಕೇಳುವುದಿಲ್ಲ, ಲೆಕ್ಕದಲ್ಲಿ "ಡ್ರಾಯಿಂಗ್ಸ್" ಅಂತ ಬರೆದರಾಯಿತು. ಕಂಪನಿಯ ದುಡ್ಡು ಕಂಪನಿಯದ್ದು. ಅದು ನಿಮ್ಮ ಕೈಗೆ ಬರಬೇಕಾದರೆ ಸಂಬಳ, ನೀವು ಕೊಟ್ಟ ಸಾಲದ ವಾಪಸಾತಿ, ಅದರ ಬಡ್ಡಿ, ಕಂಪನಿಗೆ ಕೊಟ್ಟ ಕಟ್ಟಡದ ಬಾಡಿಗೆ, ಇಲ್ಲವೇ ಡಿವಿಡೆಂಡ್, ಹೀಗೆ ಏನಾದರೊಂದು ಹೆಸರು ಬೇಕು. ಡಿವಿಡೆಂಡ್ ಅಂದರೆ ಕಂಪನಿ ಆಗಲೇ ತೆರಿಗೆ ಕಟ್ಟಿದ ಲಾಭದಿಂದ ಕೊಡುವುದು, ಅದಕ್ಕೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ. ಶೇ. 10ರಷ್ಟೋ ಹೆಚ್ಚೋ ಮತದ ಹಕ್ಕಿರುವ ಶೇರುದಾರ ಕಂಪನಿಯಿಂದ "ಸಾಲ" ಅಂತ ತೆಗೆದುಕೊಂಡರೂ, ಕಂಪನಿಯಲ್ಲಿ ಕೂಡಿಟ್ಟ ಲಾಭ ಇರುವ ಮಟ್ಟಿಗೆ ಅದನ್ನೂ ಡಿವಿಡೆಂಡ್ ಅಂತಲೇ ಎಣಿಸಿ ತೆರಿಗೆ ಹಾಕುತ್ತಾರೆ.

ಎರಡನೆಯದು ಕಾಗದಪತ್ರ. ಕಂಪನಿ ಶುರು ಮಾಡುವುದು ಈಗ ಕಷ್ಟ ಅಲ್ಲ, SPICe+ ಅನ್ನೋ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್, ಟ್ಯಾನ್ ಎಲ್ಲ ಬರುತ್ತದೆ. ಕನಿಷ್ಠ ಬಂಡವಾಳ ಇಷ್ಟಿರಬೇಕು ಅನ್ನೋ ನಿಯಮವನ್ನೂ 2015ರಲ್ಲೇ ತೆಗೆದಿದ್ದಾರೆ. ನಡೆಸುವುದೇ ಕೆಲಸ. ಶೇರು ದುಡ್ಡು ಬ್ಯಾಂಕಿಗೆ ಬಂತು ಅಂತ, ಕಂಪನಿ ನೋಂದಣಿಯಾದ 180 ದಿನದೊಳಗೆ INC-20A ಫಾರಂ ಸಲ್ಲಿಸಬೇಕು. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಪ್ರತಿ ವರ್ಷ ಆಡಿಟ್ ಆಗಲೇಬೇಕು. ವಾರ್ಷಿಕ ಸಭೆ ಆದ ಮೇಲೆ ಲೆಕ್ಕಪತ್ರಕ್ಕೆ AOC-4, ವಾರ್ಷಿಕ ವಿವರಕ್ಕೆ MGT-7A. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಇಷ್ಟಕ್ಕೆ ನಿಲ್ಲುತ್ತದೆ ಅಂತ ಮಿತಿ ಇಲ್ಲ. ಎರಡೂ ಫಾರಂ ಒಂದು ವರ್ಷ ಮರೆತರೆ 73 ಸಾವಿರ. ಮೂರು ವರ್ಷ ಸತತವಾಗಿ ಹಾಕದಿದ್ದರೆ ಡೈರೆಕ್ಟರ್‌ಗಳು ಐದು ವರ್ಷ ಅನರ್ಹರಾಗುತ್ತಾರೆ.

ಆಡಿಟರ್, ಫೈಲಿಂಗ್ ಎಲ್ಲ ಸೇರಿ ಸಣ್ಣ ಕಂಪನಿಗೂ ವರ್ಷಕ್ಕೆ ಹತ್ತಾರು ಸಾವಿರ ಖರ್ಚಿದೆ. ವ್ಯಾಪಾರ ನಿಂತರೆ ಶಟರ್ ಎಳೆದು ಹೋಗುವಂತೆಯೂ ಇಲ್ಲ. ಸಾಲ ಎಲ್ಲ ತೀರಿಸಿ, ಬಾಕಿ ಫಾರಂಗಳನ್ನು ಮುಗಿಸಿ, 10 ಸಾವಿರ ಶುಲ್ಕ ಕಟ್ಟಿ ಹೆಸರು ತೆಗೆಸಿ ಅಂತ ಅರ್ಜಿ ಹಾಕಬೇಕು. ಯಾರೋ ಕಡಿಮೆ ದುಡ್ಡಿಗೆ ಕಂಪನಿ ಮಾಡಿಕೊಡುತ್ತೇವೆ ಅಂದರು ಅಂತ ಮಾಡಿಸಿಕೊಂಡು, ಪಾಸ್‌ವರ್ಡೂ ಗೊತ್ತಿಲ್ಲದೆ ಕೂತವರಿಗೆ ಇದು ತಿಳಿಯುವುದು ದಂಡದ ಲೆಕ್ಕ ಬಂದಾಗ.

ಪಾರ್ಟ್ನರ್‌ಶಿಪ್‌ಗೂ ಕಂಪನಿಗೂ ನಡುವೆ ಎಲ್‌ಎಲ್‌ಪಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್ ಅಂತ ಒಂದಿದೆ, 2008ರ ಕಾಯ್ದೆಯದ್ದು. ಪಾಲುದಾರಿಕೆ ಥರವೇ, ಆದರೆ ಹೊಣೆಗೆ ಮಿತಿ ಇದೆ. ತೆರಿಗೆ ಫರ್ಮಿನ ದರವೇ, ಅಂದಾಜು ಲಾಭದ ಪದ್ಧತಿ ಮಾತ್ರ ಸಿಗುವುದಿಲ್ಲ. ವಹಿವಾಟು 40 ಲಕ್ಷ ಮತ್ತು ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯ ಆಡಿಟ್ ಕಡ್ಡಾಯ ಅಲ್ಲ. ಮನೆಯವರಲ್ಲದ ಇಬ್ಬರು ಸೇರಿ ವ್ಯಾಪಾರ ಮಾಡುವಾಗ ಇದನ್ನೂ ಒಮ್ಮೆ ಆಡಿಟರ್ ಹತ್ತಿರ ಕೇಳಿ.

## ಹಾಗಾದರೆ ತುಮಕೂರಿನ ಈ ಅಂಗಡಿಗೆ?

ಭಾವಮೈದ ದುಡ್ಡು ಹಾಕಿಲ್ಲ, ಕೆಲಸ ಮಾತ್ರ ಮಾಡುತ್ತಾನೆ ಅಂದರೆ ಪ್ರೊಪ್ರೈಟರ್‌ಶಿಪ್ ಸಾಕು, ಅವನಿಗೆ ಸಂಬಳ ಕೊಡಿ, ಬೇಕಿದ್ದರೆ ವ್ಯಾಪಾರದ ಮೇಲೆ ಕಮಿಷನ್ ಕೊಡಿ. ಅವನೂ ಹತ್ತು ಲಕ್ಷ ಹಾಕಿದ್ದಾನೆ, ನಾಳೆ "ನನ್ನ ಪಾಲೆಷ್ಟು" ಅಂತ ಕೇಳುವ ಹಕ್ಕು ಅವನಿಗಿದೆ ಅಂದರೆ ಪ್ರೊಪ್ರೈಟರ್‌ಶಿಪ್ ಅವನಿಗೆ ಅನ್ಯಾಯ. ಕಾಗದದಲ್ಲಿ ಅವನು ಇಲ್ಲವೇ ಇಲ್ಲ. ಆಗ ಸರಿಯಾಗಿ ಬರೆದು ನೋಂದಣಿ ಮಾಡಿಸಿದ ಪಾರ್ಟ್ನರ್‌ಶಿಪ್. ಸಿಸಿ ಲೋನ್ ಕಡಿಮೆಯಾಗಿ ಮಾಲಿನ ಸಾಲವೇ 50-60 ಲಕ್ಷಕ್ಕೆ ಏರಿದಾಗ, ಅಥವಾ ದೊಡ್ಡ ಬ್ರ್ಯಾಂಡಿನ ಡಿಸ್ಟ್ರಿಬ್ಯೂಟರ್ ಆಗೋಕೆ ಅವರೇ ಕಂಪನಿ ಕೇಳಿದಾಗ, ಅಥವಾ ಹೊರಗಿನವರು ಬಂಡವಾಳ ಹಾಕಿ ಶೇರು ಕೇಳಿದಾಗ ಪ್ರೈವೇಟ್ ಲಿಮಿಟೆಡ್ ಬಗ್ಗೆ ಯೋಚನೆ ಮಾಡುವುದು ಸರಿ. ಭಾವಮೈದ ಕೇಳದೆ ಆರ್ಡರ್ ಕೊಡುವ ಸ್ವಭಾವದವನಾಗಿದ್ದರೆ, ಇನ್ನೂ ಸ್ವಲ್ಪ ಮೊದಲೇ.

## ಆಮೇಲೆ ಬದಲಾಯಿಸುವಾಗ

ಪ್ರೊಪ್ರೈಟರ್‌ಶಿಪ್‌ನಿಂದ ಕಂಪನಿಗೆ ಹೋಗಬಹುದು, ಬಹಳ ಜನ ಹಾಗೇ ಹೋಗುತ್ತಾರೆ. ಆದರೆ ಹಳೇ ಜಿಎಸ್‌ಟಿ ನಂಬರ್‌ನಲ್ಲಿ ಹೆಸರು ತಿದ್ದಿದರೆ ಆಗುವುದಿಲ್ಲ. ಆರನೇ ಅಕ್ಷರ P ಇದ್ದದ್ದು C ಆಗಬೇಕು, ಅಂದರೆ ಪ್ಯಾನ್ ಹೊಸದು, ಜಿಎಸ್‌ಟಿ ನಂಬರ್ ಹೊಸದು, ಟ್ರೇಡ್ ಲೈಸೆನ್ಸ್, ಬ್ಯಾಂಕ್ ಖಾತೆ, ಕ್ಯೂಆರ್ ಕೋಡ್ ಎಲ್ಲ ಹೊಸದು. ಅಂಗಡಿಯ ಆಸ್ತಿಯನ್ನು ಕಂಪನಿಗೆ ಕೊಟ್ಟದ್ದಕ್ಕೆ ಬಂಡವಾಳ ಲಾಭದ ತೆರಿಗೆ ಬೀಳಬಾರದು ಅಂದರೆ ಆಸ್ತಿ ಸಾಲ ಎಲ್ಲ ಪೂರ್ತಿ ಕಂಪನಿಗೆ ಹೋಗಬೇಕು, ಬದಲಿಗೆ ಬೇರೇನೂ ಅಲ್ಲ, ಶೇರನ್ನೇ ತೆಗೆದುಕೊಳ್ಳಬೇಕು, ಹಳೇ ಮಾಲೀಕರ ಕೈಯಲ್ಲಿ ಕನಿಷ್ಠ ಅರ್ಧದಷ್ಟು ಮತದ ಹಕ್ಕು ಐದು ವರ್ಷ ಇರಬೇಕು.

ಹಳೇ ನಂಬರ್‌ನಲ್ಲಿ ಕೂತಿರುವ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಾಲು ಕೊಳ್ಳುವಾಗ ಕಟ್ಟಿದ, ಮಾರುವಾಗ ಬರುವ ತೆರಿಗೆಯಲ್ಲಿ ಕಳೆಯಬಹುದಾದ ಜಿಎಸ್‌ಟಿ, ತಾನಾಗಿ ಹೊಸದಕ್ಕೆ ಬರುವುದಿಲ್ಲ. ಸಾಲ ಬಾಕಿ ಸಮೇತ ವ್ಯಾಪಾರ ವರ್ಗಾವಣೆ ಆಗಿದೆ ಅನ್ನೋದಕ್ಕೆ ಸಿಎ ಅವರಿಂದ ಸರ್ಟಿಫಿಕೇಟ್ ತೆಗೆದುಕೊಂಡು, ಹಳೇ ನಂಬರ್‌ನಿಂದ ITC-02 ಅನ್ನೋ ಫಾರಂ ಸಲ್ಲಿಸಬೇಕು, ಹೊಸ ನಂಬರ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಅದಾದ ಮೇಲೆಯೇ ಹಳೇ ನೋಂದಣಿ ರದ್ದು ಮಾಡಲು ಅರ್ಜಿ. ಇದನ್ನು ಹಿಂದುಮುಂದು ಮಾಡಿ ಮೊದಲೇ ರದ್ದು ಮಾಡಿಸಿದರೆ, ಗೋಡೌನ್ ತುಂಬ ಮಾಲಿದ್ದು ಅದರ ಕ್ರೆಡಿಟ್ ಮಾತ್ರ ಹಳೇ ನಂಬರ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.